ನೂನನ್ ಸಿಂಡ್ರೋಮ್ ಇರುವ ಮಗುವಿನ ಬೆಳವಣಿಗೆಯ ಗೆರೆ ಓದುವುದು ಹೇಗೆ?

ಮಗುವಿಗೆ ನೂನನ್ ಸಿಂಡ್ರೋಮ್ ಎಂಬ, ಜೀನ್ ಬದಲಾವಣೆಯಿಂದ ಹುಟ್ಟಿನಿಂದಲೇ ಬರುವ ಸ್ಥಿತಿ ಇದೆ ಎಂದು ಗೊತ್ತಾದಾಗ ಮನೆಯವರ ಗಮನವೆಲ್ಲ ಹೃದಯದ ಕಡೆಗೇ ಹೋಗುತ್ತದೆ. ಹೋಗಲೇಬೇಕು. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಕವಾಟ ಕಿರಿದಾಗಿರುವುದು ಈ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಕೆಲವರಲ್ಲಿ ಹೃದಯದ ಸ್ನಾಯುವೇ ದಪ್ಪಗಾಗಿರುತ್ತದೆ. ಆದರೆ ಹೃದಯದ ಚಿಕಿತ್ಸೆ ಒಂದು ದಡ ಮುಟ್ಟಿದ ಮೇಲೆ, ವರ್ಷಗಟ್ಟಲೆ ಕಾಡುವ ಪ್ರಶ್ನೆ ಬೇರೆ: "ಇವನು ಯಾಕೆ ಉದ್ದ ಆಗ್ತಿಲ್ಲ?"

ಈ ಪ್ರಶ್ನೆಗೆ ಉತ್ತರ ಬಹುಪಾಲು ಗ್ರೋತ್ ಚಾರ್ಟ್‌ನಲ್ಲೇ ಇರುತ್ತದೆ. ಅದನ್ನು ಓದುವ ಬಗೆ ಗೊತ್ತಿರಬೇಕು ಅಷ್ಟೆ.

ಮೊದಲು ಸಾಮಾನ್ಯ ಹಾದಿ ತಿಳಿದುಕೊಳ್ಳಿ

ಅಮೆರಿಕದ ಮಕ್ಕಳ ಹೃದ್ರೋಗ ತಜ್ಞೆ ಜಾಕ್ವೆಲಿನ್ ನೂನನ್ ಈ ಸ್ಥಿತಿಯನ್ನು ಮೊದಲು ಗುರುತಿಸಿ ಹೇಳಿದ್ದು 1963ರಲ್ಲಿ. ಆ ಕವಾಟದ ತೊಂದರೆ ಇದ್ದ ಹಲವು ಮಕ್ಕಳು ನೋಡಲು ಒಂದೇ ಥರ ಇದ್ದರು. ಕಣ್ಣುಗಳ ನಡುವೆ ಹೆಚ್ಚು ಅಂತರ, ಇಳಿಬಿದ್ದ ರೆಪ್ಪೆ, ಕೆಳಗೆ ಕೂತ ಕಿವಿ, ಗಿಡ್ಡ ಕುತ್ತಿಗೆ, ಜೊತೆಗೆ ಕುಳ್ಳು ಮೈಕಟ್ಟು. ಈಗ ಕಾರಣವೂ ಗೊತ್ತಿದೆ. ಸುಮಾರು ಅರ್ಧದಷ್ಟು ಮಂದಿಯಲ್ಲಿ PTPN11 ಎಂಬ ಜೀನ್‌ನಲ್ಲಿ ಬದಲಾವಣೆ ಇರುತ್ತದೆ. ಈ ಜೀನ್ ಕೆಟ್ಟಾಗ ಬೆಳವಣಿಗೆಯ ಹಾರ್ಮೋನ್ ದೇಹದಲ್ಲಿ ಇದ್ದರೂ ಅದರ ಮಾತು ಜೀವಕೋಶಗಳಿಗೆ ಪೂರ್ತಿ ನಾಟುವುದಿಲ್ಲ. ಹಾಗಾಗಿ ಮಗುವಿಗೆ ಸರಿಯಾಗಿ ಊಟ ಹಾಕುತ್ತಿಲ್ಲವೇನೋ ಎಂದು ತಾಯಿಯನ್ನು ದೂರುವುದು ಅನ್ಯಾಯ.

ಹುಟ್ಟಿದಾಗ ಮಗುವಿನ ಉದ್ದ, ತೂಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಕೆಲವೊಮ್ಮೆ ಮೈಯಲ್ಲಿ ನೀರು ತುಂಬಿ ತೂಕ ಜಾಸ್ತಿಯೇ ಕಾಣುತ್ತದೆ. ಆ ಊತ ಇಳಿದಾಗ ತೂಕ ತಟ್ಟನೆ ಕುಸಿದಂತೆ ಅನ್ನಿಸಿ ಗಾಬರಿಯಾಗುತ್ತದೆ. ಮೊದಲ ವರ್ಷ ಕಷ್ಟದ್ದು. ಹಾಲು ಚೀಪಲು ಶಕ್ತಿ ಸಾಲದು, ಕುಡಿದದ್ದೂ ವಾಂತಿ. ಬಹಳಷ್ಟು ಮಕ್ಕಳಲ್ಲಿ ಇದು ಒಂದೂವರೆ ವರ್ಷದ ಹೊತ್ತಿಗೆ ತಹಬಂದಿಗೆ ಬರುತ್ತದೆ. ಆದರೆ ಅಷ್ಟರಲ್ಲಿ ಎತ್ತರ ಚಾರ್ಟ್‌ನ ಕೆಳಗಿನ ಗೆರೆಯ, ಅಂದರೆ ನೂರು ಮಕ್ಕಳಲ್ಲಿ ಮೂವರಷ್ಟೇ ಅದಕ್ಕಿಂತ ಕೆಳಗಿರುವ ಗೆರೆಯ ಆಸುಪಾಸಿಗೆ ಇಳಿದಿರುತ್ತದೆ. ಆಮೇಲೆ ವರ್ಷಗಟ್ಟಲೆ ಅದೇ ಗೆರೆಗೆ ಸಮಾನಾಂತರವಾಗಿ ಸಾಗುತ್ತದೆ. ಹರೆಯ ಸುಮಾರು ಎರಡು ವರ್ಷ ತಡವಾಗಿ ಬರುತ್ತದೆ, ಆಗ ಬರುವ ಜಿಗಿತವೂ ಸಣ್ಣದು. ಬದಲಿಗೆ ಕೆಲವರು ಇಪ್ಪತ್ತು ದಾಟಿದ ಮೇಲೂ ಸ್ವಲ್ಪ ಸ್ವಲ್ಪ ಬೆಳೆಯುತ್ತಾರೆ.

ಅಳತೆ ಸರಿಯಿರಲಿ

ಎರಡು ವರ್ಷದವರೆಗೆ ಮಲಗಿಸಿ ಅಳೆಯಿರಿ, ಆಮೇಲೆ ನಿಲ್ಲಿಸಿ. ಮಲಗಿಸಿ ಅಳೆದಾಗ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚೇ ಬರುತ್ತದೆ. ಆದ್ದರಿಂದ ವಿಧಾನ ಬದಲಾದ ದಿನ ಮಗು ಕುಗ್ಗಿದಂತೆ ಕಂಡರೆ ಹೆದರಬೇಡಿ. ನಿಲ್ಲಿಸುವಾಗ ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ನೋಟ ನೇರ. ತಲೆಯ ಮೇಲೆ ಸ್ಕೇಲ್ ಇಡಬೇಡಿ, ಅದು ಓರೆಯಾಗುತ್ತದೆ. ಗೋಡೆಗೆ ಒತ್ತಿ ಹಿಡಿದ ದಪ್ಪ ಪುಸ್ತಕ ವಾಸಿ. ಮೂರು ಸಲ ಅಳೆದು ಸರಾಸರಿ ಬರೆದಿಡಿ.

ಪ್ರತಿ ತಿಂಗಳು ಅಳೆಯುವ ಆಸೆ ಬಿಟ್ಟುಬಿಡಿ. ಒಂದು ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪು ಸುಲಭವಾಗಿ ನುಸುಳುತ್ತದೆ, ಮಗು ತಿಂಗಳಿಗೆ ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಎರಡು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಸಾಕು. ಆರು ತಿಂಗಳಲ್ಲಿ ಎಷ್ಟು ಬೆಳೆಯಿತೋ ಅದನ್ನು ಎರಡರಿಂದ ಗುಣಿಸಿದರೆ ವರ್ಷದ ವೇಗ ಸಿಗುತ್ತದೆ. ಈ ಮಕ್ಕಳ ವಿಷಯದಲ್ಲಿ ಎತ್ತರಕ್ಕಿಂತ ಈ ವೇಗವೇ ಹೆಚ್ಚು ಹೇಳುತ್ತದೆ.

ಎರಡು ಚಾರ್ಟ್, ಎರಡು ಪ್ರಶ್ನೆ

ಎಲ್ಲ ಮಕ್ಕಳಿಗೂ ಬಳಸುವ ಚಾರ್ಟ್ ಒಂದು. ನೂನನ್ ಸಿಂಡ್ರೋಮ್ ಇರುವವರನ್ನೇ ಅಳೆದು ಮಾಡಿದ ಚಾರ್ಟ್ ಇನ್ನೊಂದು. ವೈದ್ಯರ ಬಳಿ ಎರಡನ್ನೂ ತುಂಬಲು ಕೇಳಿ. ಮೊದಲನೆಯದು ಓರಗೆಯವರ ನಡುವೆ ಮಗು ಎಲ್ಲಿದೆ ಎಂದು ತೋರಿಸುತ್ತದೆ. ಎರಡನೆಯದು ಈ ಸಿಂಡ್ರೋಮ್‌ನಲ್ಲಿ ಹೀಗಾಗುವುದು ಸಹಜವೇ ಎಂದು ಹೇಳುತ್ತದೆ. ಎರಡನೆಯದರಲ್ಲೂ ಕೆಳಕ್ಕೆ ಜಾರುತ್ತಿದ್ದರೆ "ಸಿಂಡ್ರೋಮ್ ಅಲ್ವಾ, ಹಾಗೇ" ಎಂದು ಸುಮ್ಮನಾಗಬಾರದು.

ಅಪ್ಪ ಅಮ್ಮನ ಎತ್ತರದಿಂದ ಮಗುವಿನ ಎತ್ತರ ಅಂದಾಜು ಮಾಡುವಾಗಲೂ ಎಚ್ಚರ ಬೇಕು. ಈ ಜೀನ್ ಬದಲಾವಣೆ ಹೆತ್ತವರಲ್ಲಿ ಒಬ್ಬರಿಂದ ಬಂದಿರಬಹುದು. ದೊಡ್ಡವರಾದಂತೆ ಮುಖದ ಲಕ್ಷಣಗಳು ಮಸುಕಾಗುವುದರಿಂದ ಅವರಿಗೇ ಅದು ಗೊತ್ತಿರುವುದಿಲ್ಲ. ಆಗ "ಅಪ್ಪನೂ ಕುಳ್ಳ, ಮಗನೂ ಕುಳ್ಳ" ಎಂಬ ಸಮಾಧಾನ ದಾರಿ ತಪ್ಪಿಸುತ್ತದೆ.

ಒಂದು ಉದಾಹರಣೆ

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಐದನೇ ವರ್ಷದಲ್ಲಿ 100 ಸೆಂ.ಮೀ., ಎಂಟಕ್ಕೆ 115, ಹತ್ತಕ್ಕೆ 124. ಸಾಮಾನ್ಯ ಚಾರ್ಟ್‌ನ ಕೆಳಗಿನ ಗೆರೆಗಿಂತ ಒಂದೆರಡು ಸೆಂಟಿಮೀಟರ್ ಕಡಿಮೆ, ಆದರೆ ವರ್ಷಕ್ಕೆ ಐದರ ಹತ್ತಿರ ಬೆಳೆಯುತ್ತಿದ್ದಾನೆ. ಇದು ಈ ಸಿಂಡ್ರೋಮ್‌ನ ಸಹಜ ಗೆರೆ.

ಹದಿನಾಲ್ಕಕ್ಕೆ ಅವನು 141. ಕೆಳಗಿನ ಗೆರೆ ಈಗ ಅವನಿಗಿಂತ ಏಳೆಂಟು ಸೆಂಟಿಮೀಟರ್ ಮೇಲಿದೆ. ಮನೆಯವರ ಎದೆ ಧಸಕ್ ಎನ್ನುತ್ತದೆ. ಆದರೆ ಅವನ ವೇಗ ಕುಸಿದಿಲ್ಲ, ವರ್ಷಕ್ಕೆ ನಾಲ್ಕರಷ್ಟು ಇದ್ದೇ ಇದೆ. ಗೆಳೆಯರು ಹರೆಯಕ್ಕೆ ಬಂದು ಜಿಗಿದಿದ್ದಾರೆ, ಇವನದು ಇನ್ನೂ ಶುರುವಾಗಿಲ್ಲ. ಮೂಳೆ ಎಷ್ಟು ಬಲಿತಿದೆ ಎಂದು ನೋಡಲು ಎಡಗೈ ಎಕ್ಸ್‌ರೇ ತೆಗೆಸಿದರೆ ಮೂಳೆಯ ವಯಸ್ಸು ಹನ್ನೆರಡು ಎಂದು ಬರುತ್ತದೆ. ಹನ್ನೆರಡರ ಹುಡುಗರ ಸಾಲಲ್ಲಿ 141ನ್ನು ಇಟ್ಟರೆ ಕೆಳಗಿನ ಗೆರೆಗಿಂತ ಮೇಲೆಯೇ ಇದ್ದಾನೆ. ಅಂದರೆ ಬೆಳೆಯಲು ಇನ್ನೂ ಸಮಯವಿದೆ. ಹಾಗಂತ ಮೂಳೆಯ ವಯಸ್ಸು ನೋಡಿ ಕೊನೆಯ ಎತ್ತರವನ್ನು ಲೆಕ್ಕ ಹಾಕಿ ಮಗುವಿಗೆ ಹೇಳಬೇಡಿ. ಇವರ ಜಿಗಿತ ಸಣ್ಣದಾದ್ದರಿಂದ ಆ ಲೆಕ್ಕ ಹೆಚ್ಚಾಗಿ ಹಿಗ್ಗಿ ಬರುತ್ತದೆ.

ಈಗ ಅದೇ ಹುಡುಗ ಎಂಟರಿಂದ ಒಂಬತ್ತಕ್ಕೆ ಬರುವಾಗ ಬರೀ ಎರಡೂವರೆ ಸೆಂಟಿಮೀಟರ್ ಬೆಳೆದಿದ್ದರೆ? ಅದು ಬೇರೆಯೇ ಕತೆ. ತೂಕ ಏರುತ್ತಾ ಎತ್ತರ ನಿಂತಿದ್ದರೆ ಥೈರಾಯ್ಡ್ ಪರೀಕ್ಷೆ ಆಗಬೇಕು. ತೂಕವೇ ಮೊದಲು ಇಳಿದು ಎತ್ತರ ಹಿಂಬಾಲಿಸಿದ್ದರೆ ಊಟ, ಕರುಳು, ಹೃದಯದ ಕಡೆ ನೋಡಬೇಕು. ಎಳೆ ಮಗು ಹಾಲು ಕುಡಿಯುವಾಗ ಬೆವರಿ, ಏದುಸಿರು ಬಿಟ್ಟು ಅರ್ಧಕ್ಕೇ ನಿಲ್ಲಿಸಿದರೆ ಚಾರ್ಟ್‌ಗೆ ಕಾಯದೆ ಹೃದಯದ ವೈದ್ಯರ ಬಳಿ ಹೋಗಿ.

ಹಾರ್ಮೋನ್ ಇಂಜೆಕ್ಷನ್ ಮಾತು ಬಂದಾಗ

ಬೆಳವಣಿಗೆಯ ಹಾರ್ಮೋನ್‌ಗೆ ಈ ಸಿಂಡ್ರೋಮ್‌ನಲ್ಲಿ ಬಳಸಲು ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಪ್ರತಿದಿನ ಚುಚ್ಚಬೇಕು, ಹಲವು ವರ್ಷ. ಫಲ ಎಲ್ಲರಿಗೂ ಒಂದೇ ಸಮ ಇಲ್ಲ. ಬೇಗ ಶುರು ಮಾಡಿದವರಿಗೆ, ಹರೆಯಕ್ಕೆ ಮೊದಲು ಹೆಚ್ಚು ವರ್ಷ ಸಿಕ್ಕವರಿಗೆ ಲಾಭ ಜಾಸ್ತಿ. ಶುರು ಮಾಡುವ ಮುನ್ನ ಹೃದಯದ ಎಕೋ ಸ್ಕ್ಯಾನ್ ಆಗಲೇಬೇಕು. ಹೃದಯದ ಸ್ನಾಯು ದಪ್ಪಗಿರುವ ಮಗುವಿಗೆ ಈ ಔಷಧ ಕೊಡುವ ತೀರ್ಮಾನ ಹೃದಯ ತಜ್ಞರೂ ಹಾರ್ಮೋನ್ ತಜ್ಞರೂ ಕೂತು ಮಾತಾಡಿ ಮಾಡುವಂಥದ್ದು. ಯಾವ ಜೀನ್‌ನಲ್ಲಿ ಬದಲಾವಣೆ ಇದೆ ಎಂಬ ವರದಿಯನ್ನೂ ಅವರ ಮುಂದಿಡಿ. ಕೆಲವು ಬದಲಾವಣೆಗಳಲ್ಲಿ ರಕ್ತದ ಕ್ಯಾನ್ಸರ್‌ನ ಸಾಧ್ಯತೆ ತುಸು ಹೆಚ್ಚಿರುವುದರಿಂದ ಅದನ್ನೂ ಅವರು ತೂಗಿ ನೋಡಬೇಕಾಗುತ್ತದೆ. ಚಿಕಿತ್ಸೆ ಶುರುವಾದರೆ ಹಿಂದಿನ ಒಂದು ವರ್ಷದ ಅಳತೆಗಳು ಕೈಯಲ್ಲಿರಲಿ. ಇಂಜೆಕ್ಷನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಮೊದಲ ವರ್ಷದ ಕೊನೆಗೆ ನೋಡುವುದು ಆ ಹಳೆಯ ವೇಗಕ್ಕೆ ಹೋಲಿಸಿಯೇ.