ಸ್ಟೆಂಟ್ ಹಾಕಿದ ಮೇಲೆ ಎರಡು ಮಾತ್ರೆ: ಎಷ್ಟು ತಿಂಗಳು?

ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಡುತ್ತಾರೆ. ಒಂದು ಆಸ್ಪಿರಿನ್. ಇನ್ನೊಂದು ಕ್ಲೋಪಿಡೋಗ್ರೆಲ್, ಟಿಕಾಗ್ರೆಲರ್ ಅಥವಾ ಪ್ರಾಸುಗ್ರೆಲ್. ರಕ್ತನಾಳದ ಒಳಪದರ ಬೆಳೆದು ಸ್ಟೆಂಟಿನ ತಂತಿಯನ್ನು ಮುಚ್ಚುವವರೆಗೆ ಅದರ ಮೇಲೆ ರಕ್ತ ಗಡ್ಡೆಕಟ್ಟುವ ಭಯ ಇರುತ್ತದೆ. ಮೊದಲ ತಿಂಗಳಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ.

ಮೊದಲು ಡಿಸ್ಚಾರ್ಜ್ ಸಮ್ಮರಿ ತೆಗೆದು ಸ್ಟೆಂಟ್ ಯಾಕೆ ಹಾಕಿದರು ಅಂತ ನೋಡಿ. ಹಾರ್ಟ್ ಅಟ್ಯಾಕ್ ಆಗಿದ್ದರೆ ಸಾಮಾನ್ಯವಾಗಿ 12 ತಿಂಗಳು. ನಡೆದಾಗ ಎದೆನೋವು ಬರುತ್ತಿತ್ತೆಂದು ಮೊದಲೇ ದಿನ ಗೊತ್ತುಮಾಡಿ ಹಾಕಿದ್ದರೆ 6 ತಿಂಗಳು. ಲೆಕ್ಕ ಇಲ್ಲಿಂದ ಶುರು.

ಆಮೇಲೆ ರಕ್ತಸ್ರಾವದ ಕಡೆ ನೋಡಬೇಕು. ಒಬ್ಬ ಹಿರಿಯರನ್ನು ತೆಗೆದುಕೊಳ್ಳೋಣ. ವಯಸ್ಸು 77, ಎದೆನೋವಿಗೆ ಸ್ಟೆಂಟ್, ಹಾರ್ಟ್ ಅಟ್ಯಾಕ್ ಆಗಿಲ್ಲ. ಹಿಮೋಗ್ಲೋಬಿನ್ 11.8. ಮಂಡಿನೋವಿಗೆ ದಿನಾ ಐಬುಪ್ರೊಫೆನ್. 75 ದಾಟಿದ್ದು ಒಂದು ಸಣ್ಣ ಅಪಾಯ, ಗಂಡಸರಲ್ಲಿ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆ ಇರುವುದು ಇನ್ನೊಂದು, ನೋವಿನ ಮಾತ್ರೆ ಮೂರನೆಯದು. ಇಂಥವು ಎರಡು ಸೇರಿದರೇ ರಕ್ತಸ್ರಾವದ ಅಪಾಯ ಜಾಸ್ತಿ ಅಂತ ವೈದ್ಯರು ಲೆಕ್ಕ ಹಾಕುತ್ತಾರೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಅದೊಂದೇ ಸಾಕು.

ಹಾಗಾಗಿ ಇವರಿಗೆ 6 ತಿಂಗಳ ಬದಲು 1ರಿಂದ 3 ತಿಂಗಳಿಗೇ ಎರಡರಲ್ಲಿ ಒಂದನ್ನು ನಿಲ್ಲಿಸುವ ಮಾತು ಬರುತ್ತದೆ. ಉಳಿದದ್ದು ಮುಂದುವರಿಯುತ್ತದೆ. ನನ್ನ ಪ್ರಕಾರ ಅದಕ್ಕೂ ಮೊದಲು ಮಾಡುವ ಕೆಲಸ ಇದೆ. ನೋವಿನ ಮಾತ್ರೆ ಬದಲಿಸಬೇಕು. ರಕ್ತ ಯಾಕೆ ಕಡಿಮೆಯಾಗಿದೆ, ಹೊಟ್ಟೆಯೊಳಗೆ ಎಲ್ಲಾದರೂ ಸೋರುತ್ತಿದೆಯಾ ಅಂತ ಹುಡುಕಿಸಬೇಕು. ಹೊಟ್ಟೆ ಕಾಯುವ ಮಾತ್ರೆಯನ್ನೂ ಕೇಳಬೇಕು. ಕ್ಲೋಪಿಡೋಗ್ರೆಲ್ ಜೊತೆಗೆ ಒಮೆಪ್ರಜೋಲ್ ಹೊಂದುವುದಿಲ್ಲ, ಅದರ ಕೆಲಸ ಕುಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್ ವಾಸಿ.

ಇದೇ ಹಿರಿಯರಿಗೆ ಹಾರ್ಟ್ ಅಟ್ಯಾಕ್ ಆಗಿ, ಸಕ್ಕರೆ ಕಾಯಿಲೆಯೂ ಇದ್ದು, ಸಣ್ಣ ನಾಳದಲ್ಲಿ ಹಲವು ಸ್ಟೆಂಟ್ ಕೂತಿದ್ದರೆ ತಕ್ಕಡಿ ಇನ್ನೊಂದು ಕಡೆಗೂ ಭಾರವಾಗುತ್ತದೆ. ಆಗ ಅವಸರದಿಂದ ನಿಲ್ಲಿಸುವುದು ಕಷ್ಟ. ಇಂಥವರ ವಿಷಯದಲ್ಲಿ ಸ್ಟೆಂಟ್ ಹಾಕಿದ ವೈದ್ಯರೇ ಕೂತು ತೀರ್ಮಾನಿಸಬೇಕು.

ಚರ್ಮದ ಮೇಲೆ ಸಣ್ಣ ನೀಲಿ ಕಲೆ, ಹಲ್ಲುಜ್ಜಿದಾಗ ಚೂರು ರಕ್ತ ಕಂಡರೆ ಮಾತ್ರೆ ಬಿಡಬೇಡಿ, ಮುಂದಿನ ಭೇಟಿಯಲ್ಲಿ ಹೇಳಿ. ಮಲ ಟಾರಿನಂತೆ ಕಪ್ಪಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಟಿಕಾಗ್ರೆಲರ್‌ನಿಂದ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಆಗಲೂ ಸುಮ್ನೆ ಬಿಟ್ಟುಬಿಡಬೇಡಿ, ವೈದ್ಯರನ್ನು ಕಂಡರೆ ಬೇರೆ ಮಾತ್ರೆಗೆ ಬದಲಿಸಬಹುದು.

ಹಲ್ಲು ಕೀಳಿಸುವಾಗ ಐದು ದಿನ ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಮೊದಲು ಹೃದಯದ ವೈದ್ಯರಿಗೆ ಫೋನ್ ಮಾಡಿ. ಒಂದು ಹಲ್ಲಿನ ಮಟ್ಟಿಗೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ, ಗಾಜ್ ಒತ್ತಿ ಹಿಡಿದು, ಬೇಕಾದರೆ ಹೊಲಿಗೆ ಹಾಕಿದರೆ ರಕ್ತ ನಿಲ್ಲುತ್ತದೆ.