ಇಂಧನ ಬೆಲೆಯೊಂದಿಗೆ ಕೊರಿಯರ್ ದರ: ವ್ಯಾಪಾರಿ ಗ್ರಾಹಕರಿಗೆ ನೋಟಿಸು ಬರೆಯುವ ಕ್ರಮ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಅಂಗಡಿಗಳಿಂದ ದಿನವೂ ಪಾರ್ಸೆಲ್ ಎತ್ತುವ ಸಣ್ಣ ಕೊರಿಯರ್‌ನವರು ‘ಇಂಧನ ಬೆಲೆ ಏರಿದ ಕಾರಣ ದರ ಪರಿಷ್ಕರಿಸಲಾಗಿದೆ’ ಎಂಬ ಒಂದೇ ಸಾಲು ಕಳುಹಿಸಿದರೆ, ಎಷ್ಟು ಏರಿತು, ಬೆಲೆ ಇಳಿದರೆ ದರವೂ ಇಳಿಯುವುದೇ ಎಂಬ ಪ್ರಶ್ನೆಗಳು ತಪ್ಪುವುದಿಲ್ಲ. ಆದುದರಿಂದ ನೋಟಿಸಿನಲ್ಲಿ ಲೆಕ್ಕವೇ ಮುಖ್ಯವಾಗಿರಬೇಕು.

ಮೊದಲು ಯಾವ ಊರಿನ ಡೀಸೆಲ್ ದರವನ್ನು ಆಧಾರವಾಗಿ ಹಿಡಿಯುವಿರೆಂದು ನಿಶ್ಚಯಿಸಿಕೊಳ್ಳಿ. ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿದ್ದು, ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ತಲಪಾಡಿ ಗಡಿಯ ಎರಡು ಬದಿಗಳಲ್ಲಿ ಬೆಲೆ ಒಂದೇ ಇರುವುದಿಲ್ಲ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಕೂಡ ಸೇರಿದೆ. ವ್ಯಾನು ಮಂಗಳೂರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದು, ಬಿಲ್ಲಿನಲ್ಲಿ ಕಾಸರಗೋಡಿನ ದರ ತೋರಿಸುವುದು ಗ್ರಾಹಕರ ಕಣ್ಣಿಗೆ ಬೀಳದೆ ಇರದು. ಎಲ್ಲಿ ತುಂಬಿಸುತ್ತೀರೋ ಅಲ್ಲಿನ, ಹಿಂದಿನ ತಿಂಗಳ 25ನೇ ತಾರೀಕಿನ ದರ ಎಂದು ಸ್ಪಷ್ಟವಾಗಿ ಬರೆಯಿರಿ. ಬಂಕುಗಳ ದರ 2017ರ ಜೂನ್‌ನಿಂದ ದಿನನಿತ್ಯ ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ತಾರೀಕು ಹೇಳದ ದರಕ್ಕೆ ಅರ್ಥವಿಲ್ಲ.

ಬಳಿಕ ನಿಮ್ಮ ಒಟ್ಟು ಖರ್ಚಿನಲ್ಲಿ ಇಂಧನದ ಪಾಲೆಷ್ಟೆಂದು ಲೆಕ್ಕ ಪುಸ್ತಕದಿಂದ ತೆಗೆಯಿರಿ. ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲಿಯೇ: ಡೀಸೆಲ್ ಶೇ 5 ಏರಿತೆಂದು ಕೊರಿಯರ್ ದರವನ್ನೂ ಶೇ 5 ಏರಿಸಿಬಿಡುತ್ತಾರೆ. ಹುಡುಗರ ಸಂಬಳ, ಕೋಣೆಯ ಬಾಡಿಗೆ ಡೀಸೆಲಿನ ಜೊತೆ ಏರುವುದಿಲ್ಲವಷ್ಟೆ.

ಉದಾಹರಣೆಗೆ, ನಿಮ್ಮ ಕೊರಿಯರ್ ದರ ನಿಗದಿ ಮಾಡಿದಾಗಿನ ಡೀಸೆಲ್ ದರ, ಅಂದರೆ ಆಧಾರ ದರ, ಲೀಟರಿಗೆ 95 ರೂಪಾಯಿ, ಈಗಿನ ದರ 99.75 ಎಂದಿರಲಿ, ಏರಿಕೆ ಶೇ 5. ಇಂಧನದ ಪಾಲು ಶೇ 30 ಆದರೆ, ಆ ಶೇ 5ರಲ್ಲಿ ಶೇ 30 ಎಂದರೆ, ಮೂಲ ದರದ ಮೇಲೆ ಸೇರಿಸಬೇಕಾದ ಸರ್‌ಚಾರ್ಜ್ ಶೇ 1.5 ಮಾತ್ರ. 60 ರೂಪಾಯಿಯ ಪಾರ್ಸೆಲಿಗೆ ಅದು 90 ಪೈಸೆ. ಸರ್‌ಚಾರ್ಜ್ ಕೂಡ ಸೇವೆಯ ಮೌಲ್ಯದಲ್ಲಿ ಸೇರುವುದರಿಂದ ಅದರ ಮೇಲೂ ಶೇ 18ರ ಜಿಎಸ್‌ಟಿ ಬೀಳುತ್ತದೆ. ಎಲ್ಲ ಸೇರಿ 70.80 ಇದ್ದ ಬಿಲ್ಲು 71.86 ಆಗುತ್ತದೆ. ತಿಂಗಳಿಗೆ 300 ಪಾರ್ಸೆಲ್ ಕಳುಹಿಸುವ ಜವಳಿ ಅಂಗಡಿಗೆ ಹೆಚ್ಚಾಗುವುದು ಸುಮಾರು 319 ರೂಪಾಯಿ. ಈ ಕೊನೆಯ ಅಂಕಿಯನ್ನು ಆಯಾ ಗ್ರಾಹಕರ ಪಾರ್ಸೆಲ್ ಸಂಖ್ಯೆಗೆ ತಕ್ಕಂತೆ ನೋಟಿಸಿನಲ್ಲಿಯೇ ಬರೆದರೆ ಅರ್ಧ ಫೋನ್ ಕರೆಗಳು ತಪ್ಪುತ್ತವೆ.

ಇಳಿಕೆಯ ಮಾತನ್ನೂ ಅದೇ ಪುಟದಲ್ಲಿ ಹೇಳಬೇಕು. ‘ಡೀಸೆಲ್ ದರ ಆಧಾರ ದರಕ್ಕಿಂತ ಲೀಟರಿಗೆ 2 ರೂಪಾಯಿಗಿಂತ ಹೆಚ್ಚು ಏರಿದಾಗ ಮಾತ್ರ ಸರ್‌ಚಾರ್ಜ್ ಅನ್ವಯಿಸುತ್ತದೆ, ಏರಿಕೆ 2 ರೂಪಾಯಿಗೆ ಅಥವಾ ಅದಕ್ಕಿಂತ ಕೆಳಗಿಳಿದರೆ ಮುಂದಿನ ತಿಂಗಳ 1ರಿಂದ ರದ್ದಾಗುತ್ತದೆ’ ಎಂಬ ವಾಕ್ಯ ಸಾಕು. ಬಿಲ್ಲಿನಲ್ಲಿ ಸರ್‌ಚಾರ್ಜನ್ನು ಮೂಲ ದರದಲ್ಲಿ ಬೆರೆಸದೆ ಬೇರೆ ಸಾಲಿನಲ್ಲಿ ತೋರಿಸಿ. ಬೆರೆಸಿದರೆ ಇಳಿಸುವಾಗ ಎಲ್ಲಿಂದ ತೆಗೆಯುವುದೆಂದು ನಿಮಗೇ ತಿಳಿಯದಾಗುತ್ತದೆ.

ಜಾರಿಯ ತಾರೀಕಿಗೆ ಕನಿಷ್ಠ 15 ದಿನ ಮೊದಲು ನೋಟಿಸು ತಲುಪಲಿ, ಮಲಯಾಳದಲ್ಲಿ ವ್ಯವಹರಿಸುವ ಗ್ರಾಹಕರಿಗೆ ಮಲಯಾಳದ ಪ್ರತಿಯೂ ಹೋಗಲಿ. ವರ್ಷದ ನಿಗದಿತ ದರಕ್ಕೆ ಒಪ್ಪಂದ ಮಾಡಿಕೊಂಡವರಿಗೆ, ಒಪ್ಪಂದದಲ್ಲಿ ಇಂಧನದ ಷರತ್ತು ಇಲ್ಲದಿದ್ದರೆ, ಅವಧಿ ಮುಗಿಯುವವರೆಗೆ ಹಳೆಯ ದರವೇ ನಡೆಯಬೇಕು.