ಕಾಫಿ ವ್ಯಾಪಾರದ ಲಾಭವನ್ನು ಮೂವರು ಹಂಚಿಕೊಂಡ ಬಗೆ

ಚಿಕ್ಕಮಗಳೂರು ಸುತ್ತಿನ ಸಣ್ಣ ಬೆಳೆಗಾರರಿಂದ ಕಾಫಿ ಕೊಂಡು, ಗೋದಾಮಿನಲ್ಲಿಟ್ಟು, ದರ ನೋಡಿ ಮಾರುವ ವ್ಯಾಪಾರ ನಮ್ಮದು. ಪಾಲುದಾರರು ಮೂವರು: ನಾನು, ನನ್ನ ಭಾವ, ಒಬ್ಬ ಹಳೆಯ ಗೆಳೆಯ. ಲೆಕ್ಕದ ವರ್ಷವನ್ನು ಡಿಸೆಂಬರ್‌ನಿಂದ ನವೆಂಬರ್‌ವರೆಗೆ ಇಟ್ಟುಕೊಂಡಿದ್ದೇವೆ. ಅರೇಬಿಕಾ ಕೊಯ್ಲು ಜೋರಾಗಿರುವಾಗ ಖರೀದಿ ಶುರು, ರೊಬಸ್ಟಾ ಮುಗಿಯುವಾಗ ಮಾರ್ಚ್.

ಆ ವರ್ಷ ನಾನು ಡಿಸೆಂಬರ್ ಒಂದರಂದು 3 ಲಕ್ಷ ಹಾಕಿದೆ. ಅದು ವರ್ಷಪೂರ್ತಿ ಇತ್ತು. ಗೆಳೆಯ ಅದೇ ದಿನ 6 ಲಕ್ಷ ತಂದ, ಆದರೆ ಜೂನ್ ಒಂದರಂದು ಮಗಳ ಕಾಲೇಜು ಖರ್ಚಿಗೆಂದು 4 ಲಕ್ಷ ವಾಪಸ್ಸು ಪಡೆದ. ಭಾವ ಮಾರ್ಚ್ ಒಂದರಂದು 4 ಲಕ್ಷದೊಂದಿಗೆ ಸೇರಿದರು. ವರ್ಷದ ಕೊನೆಗೆ ಖರ್ಚೆಲ್ಲ ಕಳೆದು 2,70,000 ರೂಪಾಯಿ ಉಳಿಯಿತು.

ಬರವಣಿಗೆಯ ಒಪ್ಪಂದ ಇರದಿದ್ದರೆ ಏನಾಗುತ್ತಿತ್ತು? 1932ರ ಪಾಲುದಾರಿಕೆ ಕಾಯ್ದೆಯ 13ನೇ ವಿಧಿಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ನಷ್ಟವೂ ಸಮಪಾಲು. ಯಾರು ಎಷ್ಟು ಹಣ ಹಾಕಿದ್ದರು, ಎಷ್ಟು ದಿನ ಇಟ್ಟಿದ್ದರು ಎನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವ್ಯಾಪಾರ ನೋಡಿಕೊಂಡವನಿಗೆ ಸಂಬಳವೂ ಇಲ್ಲ. ಇದು ಗೊತ್ತಿದ್ದುದರಿಂದ ಭಾವ ಸೇರಿದ ದಿನವೇ ಮೂವರೂ ಕುಳಿತು ಎರಡು ಮಾತು ಬರೆದುಕೊಂಡೆವು. ಒಂದು, ಖರೀದಿ ಮತ್ತು ಮಾರಾಟಕ್ಕೆ ಓಡಾಡುವ ನನಗೆ ವರ್ಷಕ್ಕೆ 60,000 ರೂಪಾಯಿ ಮೊದಲು. ಎರಡು, ಉಳಿದದ್ದು ಹಣ ಮತ್ತು ಅದು ವ್ಯಾಪಾರದಲ್ಲಿದ್ದ ಕಾಲ ಎರಡನ್ನೂ ಸೇರಿಸಿ ಹಂಚಿಕೆ. ನಷ್ಟವಾದರೂ ಅದೇ ಅನುಪಾತ.

ಲೆಕ್ಕ ಸರಳ. ಯಾರ ಹಣ ಎಷ್ಟು ಲಕ್ಷವೋ ಅದನ್ನು ಇದ್ದ ತಿಂಗಳುಗಳಿಂದ ಗುಣಿಸಬೇಕು. ನನ್ನದು 3 × 12, ಅಂದರೆ 36. ಭಾವನವರದು 4 × 9, ಅದೂ 36. ಗೆಳೆಯನದನ್ನು ಎರಡು ತುಂಡು ಮಾಡಬೇಕು: ಮೊದಲ ಆರು ತಿಂಗಳು 6 ಲಕ್ಷದಂತೆ 36, ನಂತರದ ಆರು ತಿಂಗಳು 2 ಲಕ್ಷದಂತೆ 12, ಒಟ್ಟು 48. ಎಲ್ಲ ಸೇರಿ 120. ಹಂಚಬೇಕಾದದ್ದು 2,10,000. ನನಗೂ ಭಾವನವರಿಗೂ 63,000 ರೂಪಾಯಿಯಂತೆ, ಗೆಳೆಯನಿಗೆ 84,000.

ಗೆಳೆಯನಿಗೆ ಸ್ವಲ್ಪ ಅಸಮಾಧಾನವಾಯಿತು. ತಾನು ಹಾಕಿದ್ದು 6 ಲಕ್ಷ, ನಾವು ಹಾಕಿದ್ದು 3 ಮತ್ತು 4. ಆ ಲೆಕ್ಕದಲ್ಲಿ ತನಗೆ 97,000ದಷ್ಟು ಬರಬೇಕಿತ್ತಲ್ಲ ಎಂದ. ಅನುಪಾತ ವಿವರಿಸುವ ಬದಲು ಭಾವ ಅದನ್ನು ಬಡ್ಡಿಯ ಮಾತಿಗೆ ತಿರುಗಿಸಿದರು. 2,10,000ವನ್ನು 120ರಿಂದ ಭಾಗಿಸಿದರೆ 1,750. ಅಂದರೆ ಎಲ್ಲರ ಹಣವೂ ತಿಂಗಳಿಗೆ ನೂರಕ್ಕೆ ಒಂದೂ ಮುಕ್ಕಾಲು ರೂಪಾಯಿ ದುಡಿದಿದೆ. 'ನೀನು ಹಿಂದಕ್ಕೆ ಪಡೆದ 4 ಲಕ್ಷಕ್ಕೆ ಜೂನ್‌ನಿಂದಾಚೆಗೂ ಇದೇ ಬಡ್ಡಿ ಬೇಕು ಎನ್ನುತ್ತೀಯಾ?' ಎಂದು ಕೇಳಿದರು. ಗೆಳೆಯ ನಕ್ಕುಬಿಟ್ಟ. ಬಡ್ಡಿಯ ಭಾಷೆ ಗೊತ್ತಿಲ್ಲದವರು ನಮ್ಮ ಊರಲ್ಲಿ ಯಾರಿದ್ದಾರೆ!

ಆದರೆ ಈ ವಿಧಾನಕ್ಕೆ ಒಂದು ಮಿತಿಯಿದೆ. ಪ್ರತಿ ತಿಂಗಳೂ ಹಣ ಒಂದೇ ಸಮನಾಗಿ ದುಡಿಯುತ್ತದೆ ಎಂದು ಅದು ಭಾವಿಸುತ್ತದೆ. ಕಾಫಿಯಲ್ಲಿ ಹಾಗಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕೊಂಡ ಪಾರ್ಚ್‌ಮೆಂಟ್ ಮೂಟೆಗಳ ದರ ಫೆಬ್ರವರಿ ಕೊನೆಗೇ ಏರಿದ್ದರೆ, ಆ ಏರಿಕೆ ಹಳೆಯ ಇಬ್ಬರ ಹಣದ ದುಡಿಮೆ. ಮಾರ್ಚ್‌ನಲ್ಲಿ ಬಂದವರಿಗೆ ಅದರಲ್ಲೂ ಪಾಲು ಸಿಕ್ಕಿಬಿಡುತ್ತದೆ. ದರ ಬಿದ್ದಿದ್ದರೆ ಬೇರೆಯವರ ನಷ್ಟವನ್ನು ಹೊಸಬರು ಹೊರಬೇಕಾಗುತ್ತದೆ.

ನಾನು ಆ ವರ್ಷದ ಪುಸ್ತಕವನ್ನೇ ತೆಗೆದು ಇನ್ನೊಂದು ರೀತಿ ಲೆಕ್ಕ ಹಾಕಿ ನೋಡಿದೆ. ಫೆಬ್ರವರಿ ಕೊನೆಯ ದರಕ್ಕೆ ದಾಸ್ತಾನನ್ನು ಹಿಡಿದರೆ, ಆ ಮೂರು ತಿಂಗಳ ಖರ್ಚು, ನನ್ನ ಸಂಬಳ ಕಳೆದು ಸುಮಾರು 60,000 ಲಾಭ ಆಗಲೇ ಹುಟ್ಟಿತ್ತು. ಅದನ್ನು 3ಕ್ಕೆ 6ರಂತೆ ಹಂಚಿದರೆ ನನಗೆ 20,000, ಗೆಳೆಯನಿಗೆ 40,000. ಉಳಿದ 1,50,000ಕ್ಕೆ ಮಾರ್ಚ್‌ನಿಂದ ಗುಣಿಸಿದರೆ ನನ್ನದು 27, ಭಾವನವರದು 36, ಗೆಳೆಯನದು 18 ಮತ್ತು 12 ಸೇರಿ 30. ಭಾವನವರಿಗೆ 58,000ದಷ್ಟು ಬರುತ್ತಿತ್ತು, ಗೆಳೆಯನಿಗೆ 88,000 ದಾಟುತ್ತಿತ್ತು, ನನ್ನದು ಹೆಚ್ಚುಕಡಿಮೆ ಮೊದಲಿನಷ್ಟೇ. ವ್ಯತ್ಯಾಸ ಐದು ಸಾವಿರದ ಆಸುಪಾಸು. ದರ ಇನ್ನೂ ಜೋರಾಗಿ ಜಿಗಿದಿದ್ದರೆ ಅದು ಜಗಳಕ್ಕೆ ಸಾಕಾಗುವ ಮೊತ್ತವಾಗುತ್ತಿತ್ತು.

ಹಂಚಿಕೆ ಒಪ್ಪಂದದಂತೆಯೇ ನಡೆಯಿತು. ಮುಗಿದ ವರ್ಷದ ಮಾತನ್ನು ಬದಲಿಸುವುದು ಸರಿಯಲ್ಲ. ಮುಂದಿನ ವರ್ಷಕ್ಕೆ ಮಾತ್ರ ಒಂದು ಸಾಲು ಸೇರಿಸಿದೆವು: ನಡುವೆ ಯಾರೇ ಸೇರಲಿ, ಬಿಡಲಿ, ಆ ದಿನವೇ ಗೋದಾಮಿನ ಮೂಟೆ ತೂಗಿ, ಅಂದಿನ ಚಿಕ್ಕಮಗಳೂರು ದರ ಬರೆದು, ಮೂವರೂ ಸಹಿ ಹಾಕಿ, ಹಳೆಯ ಲೆಕ್ಕ ಅಲ್ಲಿಗೇ ಮುಗಿಸಬೇಕು.